ವಾಲೆಟ್‌ನಲ್ಲಿ ಉಳಿದ ಹಣ: ಒಳಗೆ ಹೋಗಲು ಒಂದು ದಾರಿ, ಹೊರಗೆ ಬರಲು ಹಲವು ಬಾಗಿಲು

ಮೊಬೈಲ್ ವಾಲೆಟ್‌ಗೆ ಹಣ ಹಾಕುವುದು ಎರಡು ಬೆರಳಿನ ಕೆಲಸ. ಅದೇ ಹಣವನ್ನು ಬ್ಯಾಂಕ್ ಖಾತೆಗೆ ವಾಪಸ್ ತರಲು ಹೊರಟಾಗ ಮೂರು ಪ್ರಶ್ನೆಗಳು ಅಡ್ಡ ನಿಲ್ಲುತ್ತವೆ. ಹಣ ತೆಗೆಯಲು ನಿಮಗೆ ಅನುಮತಿ ಇದೆಯೇ? ತೆಗೆದರೆ ಎಷ್ಟು ಶುಲ್ಕ ಕಟ್ ಆಗುತ್ತದೆ? ತೆಗೆಯದೆ ಹಾಗೇ ಬಿಟ್ಟರೆ ಏನಾಗುತ್ತದೆ? ಮೂರಕ್ಕೂ ಉತ್ತರ ಆ ಆ್ಯಪ್‌ನ ಬಳಕೆ ನಿಯಮಗಳಲ್ಲೇ ಇರುತ್ತದೆ. ಆದರೆ ನೀವು ‘ಒಪ್ಪಿದ್ದೇನೆ’ ಎಂದು ಒತ್ತುವ ಪರದೆಯ ಮೇಲೆ ಅದು ಕಾಣುವುದಿಲ್ಲ.

ಈ ನಿಯಮಗಳ ಹಿಂದೆ ಇನ್ನೊಂದು ದಾಖಲೆಯಿದೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 27ರಂದು ಪ್ರಿಪೇಯ್ಡ್ ಸಾಧನಗಳ ಕುರಿತು ಹೊರಡಿಸಿದ ಸಮಗ್ರ ನಿರ್ದೇಶನ ಅದು. ವಾಲೆಟ್ ಮತ್ತು ಹಲವು ಅಂಗಡಿಗಳಲ್ಲಿ ನಡೆಯುವ ಗಿಫ್ಟ್ ಕಾರ್ಡ್ ಎರಡೂ ಅದರಡಿ ಬರುತ್ತವೆ. ಬಳಕೆದಾರರಿಗೆ ಅನುಕೂಲವಾಗುವ ಕೆಲವು ಗಟ್ಟಿ ಸಾಲುಗಳು ಅದರಲ್ಲಿವೆ. ಕಂಪನಿಗಳ ಸಹಾಯ ಪುಟಗಳಲ್ಲಿ ಅವು ಎದ್ದು ಕಾಣುವುದಿಲ್ಲವಾದ್ದರಿಂದ ಒಂದೊಂದಾಗಿ ನೋಡೋಣ.

ಮೊದಲು ಹಣ ತೆಗೆಯುವ ಮಿತಿ. ವಾಲೆಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊಬೈಲ್ ಸಂಖ್ಯೆಗೆ ಬಂದ ಒಟಿಪಿ ಮತ್ತು ಒಂದು ಗುರುತಿನ ಸಂಖ್ಯೆ ಕೊಟ್ಟು ತೆರೆದದ್ದು ಸಣ್ಣ ವಾಲೆಟ್. ಅದರಲ್ಲಿ ಯಾವುದೇ ಹೊತ್ತಿನಲ್ಲಿ 10,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ. ತಿಂಗಳಿಗೆ 10,000, ವರ್ಷಕ್ಕೆ 1,20,000 ರೂಪಾಯಿಗಿಂತ ಹೆಚ್ಚು ತುಂಬುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಣದಿಂದ ಸಾಮಾನು ಕೊಳ್ಳಬಹುದು, ಸೇವೆಗೆ ಪಾವತಿಸಬಹುದು, ಅಷ್ಟೇ. ಬ್ಯಾಂಕಿಗೆ ಕಳಿಸುವ ಹಾಗಿಲ್ಲ, ನಗದಾಗಿ ತೆಗೆಯುವ ಹಾಗೂ ಇಲ್ಲ. ಪೂರ್ತಿ ಕೆವೈಸಿ ಮಾಡಿಸಿದ ವಾಲೆಟ್‌ನಲ್ಲಿ 2,00,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು, ಬೇರೆಡೆಗೆ ವರ್ಗಾಯಿಸಲೂಬಹುದು. ಅಲ್ಲೂ ಮಿತಿ ಇದೆ. ಮೊದಲೇ ನೋಂದಾಯಿಸಿದ ಫಲಾನುಭವಿಗೆ ತಿಂಗಳಿಗೆ 2,00,000 ರೂಪಾಯಿವರೆಗೆ ಕಳಿಸಬಹುದು, ಉಳಿದವರಿಗೆ ತಿಂಗಳಿಗೆ 10,000. ಇವು ಗರಿಷ್ಠ ಮಿತಿಗಳು. ಕಂಪನಿ ತನ್ನ ನಿಯಮಗಳಲ್ಲಿ ಇದಕ್ಕಿಂತ ಕಡಿಮೆ ಇಡಬಹುದು, ಹಲವು ಕಂಪನಿಗಳು ಹಾಗೇ ಮಾಡುತ್ತವೆ.

ಹೆಚ್ಚಿನ ಜನ ಸಿಕ್ಕಿಹಾಕಿಕೊಳ್ಳುವುದು ಸಣ್ಣ ವಾಲೆಟ್‌ನಲ್ಲಿ. ಬ್ಯಾಂಕಿಗೆ ಕಳಿಸೋಣ ಎಂದು ಒತ್ತಿದರೆ ಆ್ಯಪ್ ಪೂರ್ತಿ ಕೆವೈಸಿ ಕೇಳುತ್ತದೆ. ನಾನೂರು ರೂಪಾಯಿಗೋಸ್ಕರ ಆಧಾರ್, ಪ್ಯಾನ್, ವಿಡಿಯೊ ಕರೆ ಎಲ್ಲ ಯಾಕೆ ಎಂದು ಬಳಕೆದಾರರು ಅಲ್ಲಿಗೇ ಕೈಬಿಡುತ್ತಾರೆ. ಕೆವೈಸಿ ಬೇಡದ ದಾರಿಯೊಂದು ನಿರ್ದೇಶನದಲ್ಲೇ ಇದೆ. ಸಣ್ಣ ವಾಲೆಟ್ ಅನ್ನು ಯಾವಾಗ ಬೇಕಾದರೂ ಮುಚ್ಚುವ ಅವಕಾಶವನ್ನು ಕಂಪನಿ ಕೊಡಲೇಬೇಕು. ಮುಚ್ಚಿದಾಗ ಉಳಿದ ಹಣ, ಅದು ಯಾವ ಖಾತೆಯಿಂದ ಅಥವಾ ಕಾರ್ಡಿನಿಂದ ಬಂದಿತ್ತೋ ಅಲ್ಲಿಗೇ ವಾಪಸ್ ಹೋಗಬೇಕು. ಬೇರೆ ಬ್ಯಾಂಕ್ ಖಾತೆಗೆ ಬೇಕೆಂದರೆ ಮಾತ್ರ ಕೆವೈಸಿ ಪೂರೈಸಬೇಕಾಗುತ್ತದೆ. ಹಣ ವರ್ಗಾಯಿಸುವುದೂ ವಾಲೆಟ್ ಮುಚ್ಚುವುದೂ ಬೇರೆಬೇರೆ ಬಾಗಿಲುಗಳು. ಮೊದಲನೆಯದು ಮುಚ್ಚಿದೆ ಎಂದ ಮಾತ್ರಕ್ಕೆ ಎರಡನೆಯದೂ ಮುಚ್ಚಿದೆ ಎಂದಲ್ಲ. ಆದರೆ ಆ್ಯಪ್‌ನ ಮುಖಪುಟದಲ್ಲಿ ಕಾಣುವುದು ಮೊದಲನೆಯದು ಮಾತ್ರ. ಎರಡನೆಯದು ಪ್ರೊಫೈಲ್, ಸೆಟ್ಟಿಂಗ್ಸ್, ಸಹಾಯ ಎಂದು ಮೂರು ನಾಲ್ಕು ಪರದೆ ದಾಟಿದ ಮೇಲೆ ಸಿಗುತ್ತದೆ. ಕೆಲವೆಡೆ ಇಮೇಲ್ ಕಳಿಸಿಯೇ ಕೇಳಬೇಕು.

ಮುಚ್ಚುವ ಮುನ್ನ ಬ್ಯಾಲೆನ್ಸ್ ಅನ್ನು ಬಿಡಿಸಿ ನೋಡಬೇಕು. ಪರದೆಯಲ್ಲಿ ಕಾಣುವ ಒಟ್ಟು ಮೊತ್ತದಲ್ಲಿ ನೀವು ತುಂಬಿದ ಹಣ, ರದ್ದಾದ ಆರ್ಡರ್‌ನಿಂದ ವಾಪಸ್ ಬಂದ ಹಣ, ಕಂಪನಿ ಕೊಟ್ಟ ಕ್ಯಾಶ್‌ಬ್ಯಾಕ್ ಎಲ್ಲವೂ ಸೇರಿರಬಹುದು. ಪ್ರಚಾರದ ಕ್ಯಾಶ್‌ಬ್ಯಾಕ್ ಅನ್ನು ಸಾಮಾನ್ಯವಾಗಿ ಹೊರಗೆ ತೆಗೆಯಲಾಗುವುದಿಲ್ಲ, ಅದಕ್ಕೆ ಬೇರೆಯೇ ಅವಧಿ ಇರುತ್ತದೆ, ವಾಲೆಟ್ ಮುಚ್ಚಿದರೆ ಹೋಗಿಬಿಡುತ್ತದೆ. ಮೊದಲು ಅದನ್ನು ಒಂದು ರೀಚಾರ್ಜ್‌ಗೋ ಕರೆಂಟ್ ಬಿಲ್‌ಗೋ ಬಳಸಿ ಆಮೇಲೆ ಮುಚ್ಚುವುದು ಲೇಸು. ಹಾಗೆಯೇ, ಹಣ ತುಂಬಲು ಬಳಸಿದ್ದ ಕಾರ್ಡ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ರದ್ದಾದ ಕಾರ್ಡಿಗೆ ವಾಪಸ್ ಹೋದ ಹಣ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅಲ್ಲಿಗೆ ಇನ್ನೊಂದು ಅರ್ಜಿ ಹಾಕಬೇಕು.

ಇನ್ನು ಶುಲ್ಕ. ಇದಕ್ಕೊಂದು ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಆ್ಯಪ್‌ನ ದರ ಬೇರೆ ಇರಬಹುದು, ಆದರೆ ಲೆಕ್ಕದ ರೀತಿ ಇದೇ. ಒಬ್ಬರು ಕ್ರೆಡಿಟ್ ಕಾರ್ಡಿನಿಂದ ವಾಲೆಟ್‌ಗೆ 6,000 ರೂಪಾಯಿ ತುಂಬುತ್ತಾರೆ ಎಂದಿಟ್ಟುಕೊಳ್ಳಿ. ಕಾರ್ಡಿನಿಂದ ತುಂಬಲು ಶೇ 2 ಶುಲ್ಕ ಎಂದರೆ 120 ರೂಪಾಯಿ. ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 21 ರೂಪಾಯಿ 60 ಪೈಸೆ. ಅಲ್ಲಿಗೆ ಕಾರ್ಡಿಗೆ ಬೀಳುವ ಒಟ್ಟು ಬಿಲ್ 6,141 ರೂಪಾಯಿ 60 ಪೈಸೆ. ಕೆಲವು ಬ್ಯಾಂಕ್‌ಗಳು ವಾಲೆಟ್ ತುಂಬಿದ್ದಕ್ಕೆ ತಮ್ಮ ಕಡೆಯಿಂದಲೂ ಶುಲ್ಕ ಹಾಕುತ್ತವೆ, ಅದು ಕಾರ್ಡಿನ ನಿಯಮಗಳಲ್ಲಿರುತ್ತದೆಯೇ ಹೊರತು ವಾಲೆಟ್‌ನ ನಿಯಮಗಳಲ್ಲಲ್ಲ. ಇವರು 4,850 ರೂಪಾಯಿ ಖರ್ಚು ಮಾಡಿ, ಪೂರ್ತಿ ಕೆವೈಸಿ ಮಾಡಿಸಿ, ಉಳಿದ 1,150 ರೂಪಾಯಿಯನ್ನು ಬ್ಯಾಂಕಿಗೆ ಕಳಿಸಲು ಹೋಗುತ್ತಾರೆ. ವರ್ಗಾವಣೆ ಶುಲ್ಕ ಶೇ 4 ಎಂದರೆ 46 ರೂಪಾಯಿ, ಅದರ ಜಿಎಸ್‌ಟಿ 8 ರೂಪಾಯಿ 28 ಪೈಸೆ. ಖಾತೆಗೆ ಬರುವುದು 1,095 ರೂಪಾಯಿ 72 ಪೈಸೆ. ಹಾಕುವಾಗ 141.60, ತೆಗೆಯುವಾಗ 54.28, ಎರಡೂ ಸೇರಿ 195 ರೂಪಾಯಿ 88 ಪೈಸೆ ಹೋಯಿತು.

ವಾಲೆಟ್‌ನ ಹಣಕ್ಕೆ ಬಡ್ಡಿ ಇಲ್ಲ, ನಿರ್ದೇಶನವೇ ಬಡ್ಡಿ ಕೊಡಕೂಡದು ಎನ್ನುತ್ತದೆ. ಹಾಗಿರುವಾಗ ದೊಡ್ಡ ಮೊತ್ತ ಅಲ್ಲಿ ಇಟ್ಟುಕೊಳ್ಳಲು ಕಾರಣವೇ ಇಲ್ಲ. ಬ್ಯಾಂಕಿಗೆ ಕಳಿಸುವ ಶುಲ್ಕ ಹೆಚ್ಚಿದ್ದರೆ ಉಳಿದದ್ದನ್ನು ಹೇಗೂ ಕಟ್ಟಬೇಕಾದ ಬಿಲ್ಲಿಗೆ ಕಟ್ಟಿ ಮುಗಿಸುವುದೇ ಅಗ್ಗ. ಅಥವಾ ಮೇಲೆ ಹೇಳಿದಂತೆ ವಾಲೆಟ್ ಮುಚ್ಚಿಸಿ ಬಂದ ದಾರಿಯಲ್ಲೇ ಹಣ ಕಳಿಸುವಂತೆ ಕೇಳಬಹುದು. ಆಗ ವರ್ಗಾವಣೆ ಶುಲ್ಕ ಅನ್ವಯಿಸುತ್ತದೆಯೇ ಎಂಬುದನ್ನು ಮುಚ್ಚುವ ಕೋರಿಕೆ ಕಳಿಸುವ ಮುನ್ನವೇ ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ.

ಅತಿ ಹೆಚ್ಚು ಗೊಂದಲ ಇರುವುದು ಬಳಸದೆ ಬಿಟ್ಟ ವಾಲೆಟ್ ವಿಷಯದಲ್ಲಿ. ಇಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತಿರುತ್ತವೆ ಎಂಬುದು ಅರ್ಥವಾದರೆ ಉಳಿದದ್ದು ಸುಲಭ.

ಒಂದು, ಸಿಂಧುತ್ವದ ಗಡಿಯಾರ. ಕೊನೆಯ ಬಾರಿ ಹಣ ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ವಾಲೆಟ್ ಸಿಂಧುವಾಗಿರಬೇಕು. ಕಂಪನಿ ಬಯಸಿದರೆ ಇನ್ನೂ ಹೆಚ್ಚು ಕಾಲ ಕೊಡಬಹುದು. ಈ ಗಡಿಯಾರ ತುಂಬಿದ ದಿನಾಂಕವನ್ನು ಹಿಡಿದು ಓಡುತ್ತದೆ, ಖರ್ಚು ಮಾಡಿದ ದಿನಾಂಕವನ್ನಲ್ಲ. ಎರಡನೆಯದು ನಿಷ್ಕ್ರಿಯತೆಯ ಗಡಿಯಾರ. ಸತತ ಒಂದು ವರ್ಷ ಯಾವ ಹಣಕಾಸು ವ್ಯವಹಾರವೂ ನಡೆಯದಿದ್ದರೆ ಕಂಪನಿ ನೋಟಿಸ್ ಕಳಿಸಿ ವಾಲೆಟ್ ಅನ್ನು ನಿಷ್ಕ್ರಿಯ ಮಾಡಬೇಕು. ಮತ್ತೆ ಚಾಲೂ ಮಾಡಲು ಗುರುತಿನ ಪರಿಶೀಲನೆ ಬೇಕು. ಆಗಾಗ ಇಪ್ಪತ್ತು ಮೂವತ್ತು ರೂಪಾಯಿ ಖರ್ಚು ಮಾಡುತ್ತಿದ್ದರೆ ಎರಡನೆಯ ಗಡಿಯಾರ ಹಿಂದಕ್ಕೆ ತಿರುಗುತ್ತದೆ, ಮೊದಲನೆಯದು ತಿರುಗುವುದಿಲ್ಲ. ಸ್ವಲ್ಪ ಹಣ ತುಂಬಿದರೆ ಎರಡೂ ತಿರುಗುತ್ತವೆ. ಬರೀ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದ್ದು ವ್ಯವಹಾರ ಎನಿಸುವುದಿಲ್ಲ.

ನಿಷ್ಕ್ರಿಯ ಶುಲ್ಕದ ಗಡಿಯಾರ ಇವೆರಡಕ್ಕಿಂತ ಬೇರೆಯೇ ಆಗಿರಬಹುದು. ಅದನ್ನು ಕಂಪನಿ ತನ್ನ ನಿಯಮಗಳಲ್ಲಿ ತಾನೇ ಬರೆದುಕೊಳ್ಳುತ್ತದೆ. ಒಂದು ಕಡೆ ‘ಬಳಕೆದಾರ ತಾನೇ ಮಾಡಿದ ಪಾವತಿ’ ಮಾತ್ರ ಲೆಕ್ಕಕ್ಕೆ ಬರಬಹುದು, ಇನ್ನೊಂದು ಕಡೆ ಕ್ಯಾಶ್‌ಬ್ಯಾಕ್ ಜಮೆಯೂ ಬರಬಹುದು. ‘ನಿಷ್ಕ್ರಿಯ’ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯನ್ನೇ ಮೊದಲು ಹುಡುಕಿ ಎನ್ನುವುದು ಇದಕ್ಕಾಗಿ. ಶುಲ್ಕದ ಸಾಲಿನಲ್ಲಿ ಸಾಮಾನ್ಯವಾಗಿ ‘ನಿಗದಿತ ಶುಲ್ಕ ಅಥವಾ ಉಳಿದ ಬ್ಯಾಲೆನ್ಸ್, ಯಾವುದು ಕಡಿಮೆಯೋ ಅದು’ ಎಂದಿರುತ್ತದೆ. ಓದಿದಾಗ ಅದು ಬಳಕೆದಾರರ ಪರವಾದ ಸಾಲಿನಂತೆ ಕಾಣುತ್ತದೆ, ಏಕೆಂದರೆ ಬ್ಯಾಲೆನ್ಸ್ ಮೈನಸ್ ಆಗುವುದಿಲ್ಲ. ಸೊನ್ನೆಯಾಗುವವರೆಗೆ ಮಾತ್ರ ಕಟ್ ಆಗುತ್ತಲೇ ಇರುತ್ತದೆ.

ಮೇಲಿನ ಉದಾಹರಣೆಯ 1,150 ರೂಪಾಯಿಯನ್ನೇ ಮತ್ತೆ ತೆಗೆದುಕೊಳ್ಳಿ. ಅದನ್ನು ಹಾಗೇ ಮರೆತಿದ್ದಾರೆ, ನಿಯಮಗಳಲ್ಲಿ ತಿಂಗಳಿಗೆ 100 ರೂಪಾಯಿ ನಿರ್ವಹಣಾ ಶುಲ್ಕ ಎಂದಿದೆ. ಜಿಎಸ್‌ಟಿ ಸೇರಿ 118 ರೂಪಾಯಿ. ಒಂಬತ್ತು ತಿಂಗಳಲ್ಲಿ 1,062 ರೂಪಾಯಿ ಹೋಗಿ 88 ಉಳಿಯುತ್ತದೆ. ಹತ್ತನೆಯ ತಿಂಗಳು 118 ಸಿಗುವುದಿಲ್ಲ, ಹಾಗಾಗಿ ಆ 88 ಪೂರ್ತಿ ಹೋಗುತ್ತದೆ. ಸಿಂಧುತ್ವ ಮುಗಿದ ಮೇಲೂ ಹಣ ಕೇಳುವ ಹಕ್ಕು ಬಳಕೆದಾರರಿಗೆ ಇದೆ. ಆದರೆ ಶುಲ್ಕದ ಹೆಸರಿನಲ್ಲಿ ಬ್ಯಾಲೆನ್ಸೇ ಸೊನ್ನೆಯಾದರೆ ಕೇಳಲು ಏನೂ ಉಳಿಯುವುದಿಲ್ಲ. ಈ ಶುಲ್ಕದ ನಿಜವಾದ ಪೆಟ್ಟು ಬೀಳುವುದು ಅಲ್ಲಿ, ಇದು ಅನ್ಯಾಯ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಬ್ಯಾಂಕ್ ಖಾತೆಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಈ ಬಾಗಿಲನ್ನು ಮುಚ್ಚಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸುತ್ತೋಲೆಯ ಪ್ರಕಾರ, ನಿಷ್ಕ್ರಿಯವಾದ ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲವೆಂದು ಬ್ಯಾಂಕ್ ದಂಡ ಹಾಕುವಂತಿಲ್ಲ, ಖಾತೆಯನ್ನು ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತೆಯೂ ಇಲ್ಲ. ವಾಲೆಟ್‌ಗಳ 2021ರ ನಿರ್ದೇಶನದಲ್ಲಿ ಇಷ್ಟು ನೇರವಾದ ನಿಷೇಧ ಇಲ್ಲ. ಅಲ್ಲಿರುವುದು ಬೇರೆ ರೀತಿಯ ರಕ್ಷಣೆ. ಎಲ್ಲ ಶುಲ್ಕಗಳನ್ನೂ, ಅವಧಿ ಮುಗಿಯುವ ಷರತ್ತುಗಳನ್ನೂ ವಾಲೆಟ್ ಕೊಡುವಾಗಲೇ ಸ್ಪಷ್ಟವಾದ ಸರಳ ಭಾಷೆಯಲ್ಲಿ ತಿಳಿಸಬೇಕು. ಸಾಧ್ಯವಾದಷ್ಟು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಎಂದು ನಿರ್ದೇಶನ ಹೇಳುತ್ತದೆ. ಕರ್ನಾಟಕದಲ್ಲಿ ಅದು ಕನ್ನಡ. ಆ್ಯಪ್‌ನ ಗುಂಡಿಗಳೆಲ್ಲ ಕನ್ನಡದಲ್ಲಿದ್ದು ನಿಯಮಗಳ ಪುಟ ಮಾತ್ರ ಇಂಗ್ಲಿಷಿನಲ್ಲಿದ್ದರೆ, ಆ ಕೊರತೆಯನ್ನು ದೂರಿನಲ್ಲಿ ಬರೆಯಿರಿ.

ಅವಧಿ ಮುಗಿಯುವುದರ ಬಗ್ಗೆ ಇನ್ನೂ ಎರಡು ರಕ್ಷಣೆಗಳಿವೆ. ಸಿಂಧುತ್ವ ಮುಗಿಯುವ ಮುನ್ನ 45 ದಿನಗಳ ಅವಧಿಯಲ್ಲಿ ಆಗಾಗ ಎಚ್ಚರಿಕೆಯ ಎಸ್ಎಂಎಸ್ ಅಥವಾ ಇಮೇಲ್ ಬರಬೇಕು, ಅದೂ ವಾಲೆಟ್ ತೆರೆಯುವಾಗ ನೀವು ಆಯ್ದುಕೊಂಡ ಭಾಷೆಯಲ್ಲಿ. ಅವಧಿ ಮುಗಿದ ಮೇಲೂ ಬ್ಯಾಂಕೇತರ ಕಂಪನಿ ಉಳಿದ ಹಣವನ್ನು ಕನಿಷ್ಠ ಮೂರು ವರ್ಷ ತನ್ನ ಲಾಭದ ಲೆಕ್ಕಕ್ಕೆ ಹಾಕಿಕೊಳ್ಳುವಂತಿಲ್ಲ. ಅವಧಿ ಮುಗಿದ ನಂತರ ಯಾವಾಗ ಬಂದು ಕೇಳಿದರೂ ಬಳಕೆದಾರರ ಬ್ಯಾಂಕ್ ಖಾತೆಗೆ ಅದನ್ನು ಕೊಡಬೇಕು. ‘ನಿಮ್ಮ ವಾಲೆಟ್ ಎಕ್ಸ್‌ಪೈರ್ ಆಗಿದೆ, ಹಣ ಸಿಗುವುದಿಲ್ಲ’ ಎಂದು ಗ್ರಾಹಕ ಸೇವೆಯವರು ಹೇಳಿದರೆ ಆ ಉತ್ತರ ತಪ್ಪು.

ಈ ಎಚ್ಚರಿಕೆಗಳು ತಲುಪದೇ ಹೋಗುವುದಕ್ಕೆ ದೊಡ್ಡ ಕಾರಣ ಹಳೆಯ ಮೊಬೈಲ್ ಸಂಖ್ಯೆ. ಸಿಮ್ ಬದಲಿಸಿದವರು ಬ್ಯಾಂಕಿನಲ್ಲಿ ಹೊಸ ಸಂಖ್ಯೆ ಕೊಡುತ್ತಾರೆ, ವಾಲೆಟ್‌ನಲ್ಲಿ ಕೊಡುವುದನ್ನು ಮರೆಯುತ್ತಾರೆ. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ನೋಟಿಸ್ ಅಷ್ಟೇ ಅಲ್ಲ, ಒಟಿಪಿಯೂ ಅವರಿಗೆ ಹೋಗುತ್ತದೆ. ಸಂಖ್ಯೆ ಬಿಡುವ ಮುನ್ನ ಆ ಸಂಖ್ಯೆಯಲ್ಲಿರುವ ವಾಲೆಟ್‌ಗಳನ್ನು ಖಾಲಿ ಮಾಡಿ ಮುಚ್ಚಿಬಿಡಿ.

ನಿಯಮಗಳ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹುಡುಕಿ ಓದಬಹುದು. ಪುಟವನ್ನು ಆ್ಯಪ್‌ನೊಳಗೆ ನೋಡದೆ ಬ್ರೌಸರ್‌ನಲ್ಲಿ ತೆರೆಯಿರಿ. ಮೊಬೈಲ್ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ Find in page ಆಯ್ದುಕೊಳ್ಳಿ, ಕಂಪ್ಯೂಟರ್‌ನಲ್ಲಾದರೆ Ctrl+F. ಆಮೇಲೆ ಈ ಪದಗಳನ್ನು ಒಂದೊಂದಾಗಿ ಹಾಕಿ ನೋಡಿ:

```
inactiv
dormant
maintenance
expir
whichever is lower
from time to time
```

ಮೊದಲನೆಯ ಮತ್ತು ನಾಲ್ಕನೆಯ ಪದಗಳನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದೆ: inactive, inactivity ಎರಡೂ ಸಿಗಲಿ ಎಂದು ಹಾಗೆ ಬರೆದಿದೆ, expir ಕೂಡ ಹಾಗೆಯೇ. ಕೊನೆಯ ಪದದ ಕಡೆ ವಿಶೇಷ ಗಮನ ಇರಲಿ. ‘ಕಾಲಕಾಲಕ್ಕೆ ವೆಬ್‌ಸೈಟ್‌ನಲ್ಲಿ ಪ್ರಕಟಿಸುವ ಶುಲ್ಕಗಳು ಅನ್ವಯಿಸುತ್ತವೆ’ ಎಂಬರ್ಥದ ಸಾಲು ಅಲ್ಲಿ ಸಿಕ್ಕರೆ, ನಿಜವಾದ ದರ ಈ ಪುಟದಲ್ಲಿ ಇಲ್ಲ, ಬೇರೊಂದು ಶುಲ್ಕಪಟ್ಟಿಯಲ್ಲಿದೆ ಎಂದರ್ಥ. ಆ ಪಟ್ಟಿಯನ್ನು ಹುಡುಕಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪುಟ ನಾಳೆ ಬದಲಾದರೆ ಇಂದಿನ ದರಕ್ಕೆ ನಿಮ್ಮ ಬಳಿ ಬೇರೆ ಪುರಾವೆ ಇರುವುದಿಲ್ಲ.

ಹಣ ಆಗಲೇ ಕಟ್ ಆಗಿದ್ದರೆ ಮೊದಲ ಕೆಲಸ ಸ್ಟೇಟ್‌ಮೆಂಟ್ ತೆಗೆಯುವುದು. ಕನಿಷ್ಠ ಹಿಂದಿನ ಆರು ತಿಂಗಳ ಸ್ಟೇಟ್‌ಮೆಂಟ್ ಪಡೆಯುವ ಅವಕಾಶವನ್ನು ಕಂಪನಿ ಕೊಡಬೇಕು, ಅದರಲ್ಲಿ ದಿನಾಂಕ, ಮೊತ್ತ, ಉಳಿಕೆ ಮತ್ತು ವ್ಯವಹಾರದ ವಿವರಣೆ ಇರಬೇಕು. ಆರು ತಿಂಗಳಿಗಿಂತ ಹಿಂದಿನದು ತಾನಾಗಿ ಸಿಗದೇ ಹೋಗಬಹುದು, ಆದ್ದರಿಂದ ತಡಮಾಡಬೇಡಿ. ಆಮೇಲೆ ಕಂಪನಿಯ ನೋಡಲ್ ಅಧಿಕಾರಿಗೆ ಇಮೇಲ್ ಬರೆಯಿರಿ, ಚಾಟ್‌ನಲ್ಲಿ ಹೇಳಿ ಬಿಡಬೇಡಿ. ಕನ್ನಡದಲ್ಲೇ ಬರೆಯಬಹುದು, ಹೆಚ್ಚು ಉದ್ದ ಬೇಡ:

‘ನನ್ನ ವಾಲೆಟ್‌ನಿಂದ ಇಂಥ ದಿನಾಂಕಗಳಲ್ಲಿ ಇಷ್ಟು ರೂಪಾಯಿ ನಿರ್ವಹಣಾ ಶುಲ್ಕವೆಂದು ಕಡಿತವಾಗಿದೆ. ಈ ಶುಲ್ಕವನ್ನು ವಾಲೆಟ್ ಕೊಡುವಾಗ ನನಗೆ ಯಾವಾಗ, ಯಾವ ಭಾಷೆಯಲ್ಲಿ, ಯಾವ ಮೂಲಕ ತಿಳಿಸಲಾಯಿತು? ನಿಷ್ಕ್ರಿಯಗೊಳಿಸುವ ಮುನ್ನ ಕಳಿಸಿದ ನೋಟಿಸ್‌ನ ದಿನಾಂಕ ಮತ್ತು ಪ್ರತಿ ಕೊಡಿ. ಕೊಡಲಾಗದಿದ್ದರೆ ಕಡಿತವಾದ ಮೊತ್ತವನ್ನು ವಾಪಸ್ ಜಮೆ ಮಾಡಿ, ವಾಲೆಟ್ ಮುಚ್ಚಿ, ಪೂರ್ತಿ ಹಣವನ್ನು ಮೂಲ ಖಾತೆಗೆ ಕಳಿಸಿ.’

ಪ್ರಶ್ನೆಗಳನ್ನು ಹೀಗೆ ಕೇಳುವುದಕ್ಕೆ ಕಾರಣವಿದೆ. ದೂರನ್ನು ಸಾಧ್ಯವಾದರೆ 48 ಗಂಟೆಯೊಳಗೆ, ಹೆಚ್ಚೆಂದರೆ 30 ದಿನಗಳೊಳಗೆ ಕಂಪನಿ ಇತ್ಯರ್ಥ ಮಾಡಬೇಕು. 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಆದರೆ ಕಂಪನಿಯ ವಾಣಿಜ್ಯ ನಿರ್ಧಾರಗಳನ್ನು ಒಂಬುಡ್ಸ್‌ಮನ್ ಪ್ರಶ್ನಿಸುವುದಿಲ್ಲ. ‘100 ರೂಪಾಯಿ ಶುಲ್ಕ ತೀರಾ ಹೆಚ್ಚಾಯಿತು’ ಎಂದು ಬರೆದರೆ ಅದು ದರದ ತಕರಾರು ಎಂದು ದೂರು ತಿರಸ್ಕೃತವಾಗಬಹುದು. ‘ಶುಲ್ಕವನ್ನು ಮೊದಲೇ ತಿಳಿಸಲಿಲ್ಲ, ನೋಟಿಸ್ ಕಳಿಸಲಿಲ್ಲ, ಅವಧಿ ಮುಗಿದ ಮೇಲೆ ಕೇಳಿದ ಹಣ ಕೊಡಲಿಲ್ಲ’ ಎಂದು ಬರೆದರೆ ಅದು ನಿರ್ದೇಶನದ ಉಲ್ಲಂಘನೆ, ಅಂದರೆ ಸೇವಾ ಲೋಪ. ಹೋದ ಹಣ ಒಂದೇ, ಆದರೆ ದೂರು ನಿಲ್ಲುವುದೂ ಬೀಳುವುದೂ ಅದನ್ನು ಬರೆಯುವ ರೀತಿಯ ಮೇಲಿದೆ. ನೋಡಲ್ ಅಧಿಕಾರಿಗೆ ಬರೆದ ಇಮೇಲ್ ಇಲ್ಲದೆ ನೇರವಾಗಿ ಒಂಬುಡ್ಸ್‌ಮನ್ ಬಳಿ ಹೋದರೂ ದೂರು ನಿಲ್ಲುವುದಿಲ್ಲ.

ಗಿಫ್ಟ್ ಕಾರ್ಡ್‌ಗಳಲ್ಲಿ ಎರಡು ಬಗೆ ಇರುವುದರಿಂದ ದೂರು ಕೊಡುವ ಜಾಗವೂ ಬದಲಾಗುತ್ತದೆ. ಹಲವು ಅಂಗಡಿಗಳಲ್ಲಿ ನಡೆಯುವ, ಬ್ಯಾಂಕ್ ಅಥವಾ ಪರವಾನಗಿ ಪಡೆದ ಕಂಪನಿ ಕೊಟ್ಟ ಗಿಫ್ಟ್ ಕಾರ್ಡ್ ರಿಸರ್ವ್ ಬ್ಯಾಂಕಿನ ನಿರ್ದೇಶನದಡಿ ಬರುತ್ತದೆ. ಅದರ ಗರಿಷ್ಠ ಮೌಲ್ಯ 10,000 ರೂಪಾಯಿ. ಮತ್ತೆ ತುಂಬುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ, ಆದರೆ ಅವಧಿ ಮುಗಿದಾಗ ಕೇಳಿಕೊಂಡರೆ ಹೊಸ ಕಾರ್ಡ್ ಕೊಟ್ಟಾದರೂ ಅವಧಿ ವಿಸ್ತರಿಸಬಹುದು. ಒಂದೇ ಅಂಗಡಿಯ ಅಥವಾ ಒಂದೇ ಬ್ರ್ಯಾಂಡ್‌ನ ವೋಚರ್ ಈ ನಿರ್ದೇಶನದ ಹೊರಗಿದೆ. ಅದರ ತಕರಾರಿಗೆ ಒಂಬುಡ್ಸ್‌ಮನ್ ಬಳಿ ಹೋಗಿ ಪ್ರಯೋಜನವಿಲ್ಲ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು.

ಮೆಟ್ರೊ, ಬಸ್ಸಿಗೆಂದೇ ಇರುವ ಸಾರಿಗೆ ಕಾರ್ಡ್‌ಗಳ ವರ್ಗವೂ ಬೇರೆ. ಅವುಗಳಲ್ಲಿ 3,000 ರೂಪಾಯಿವರೆಗೆ ಇಡಬಹುದು, ಸಿಂಧುತ್ವಕ್ಕೆ ಕೊನೆಯಿಲ್ಲ, ಕೆವೈಸಿಯೂ ಬೇಡ. ಆದರೆ ಒಮ್ಮೆ ಹಾಕಿದ ಹಣವನ್ನು ನಗದಾಗಿ ತೆಗೆಯಲು, ವಾಪಸ್ ಪಡೆಯಲು, ಬೇರೆಡೆ ವರ್ಗಾಯಿಸಲು ಅವಕಾಶ ಇಲ್ಲ. ಊರು ಬಿಡುವ ತಿಂಗಳು ಆ ಕಾರ್ಡಿಗೆ ಓಡಾಟಕ್ಕೆ ಬೇಕಾದಷ್ಟನ್ನೇ ತುಂಬಿ.